ಪೆಟ್ಟು ತಿಂದ ಮಗು ಏನನ್ನು ಕಲಿಯುತ್ತದೆ?

(ಜುಮಾ ಪ್ರವಚನದ ಸಾರಾಂಶ)



ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಮಸೀದಿಗೆ ಪುಟ್ಟ ಮಗುವನ್ನು ಎತ್ತಿಕೊಂಡು ಬರುವವರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ. "ಹಜ್ರತ್, ಎರಡೂವರೆ ವರ್ಷ, ಭಾರೀ ಹಠ. ಗದರಿದರೂ ಕೇಳಲ್ಲ, ಎರಡು ಬಿಟ್ಟರೂ ಕೇಳಲ್ಲ. ಒಂದು ದಮ್ ಮಾಡಿಕೊಡಿ." ದುಆ ಖಂಡಿತ ಮಾಡೋಣ. ಆದರೆ ಹೊಡೆದರೂ ಕೇಳುವುದಿಲ್ಲ ಎಂದು ದೂರುವವರು, ಹೊಡೆದದ್ದರಿಂದಲೇ ಕೇಳುತ್ತಿಲ್ಲವೇ ಎಂದೂ ಒಮ್ಮೆ ಯೋಚಿಸಬೇಕು.

ಮದ್ದೂರಿನ ಒಂದು ಮನೆ ಎಂದಿಟ್ಟುಕೊಳ್ಳಿ. ಮಗ್ರಿಬ್ ಹೊತ್ತು. ಅಮ್ಮಿ ಒಲೆಯ ಮುಂದೆ, ಮಗುವಿನ ಕೈಯಲ್ಲಿ ಮೊಬೈಲ್. ಬೆಂಗಳೂರಿನಿಂದ ರೈಲಿನಲ್ಲಿ ದಣಿದು ಬಂದ ಅಬ್ಬಾ ಮೊಬೈಲ್ ಕಿತ್ತುಕೊಳ್ಳುತ್ತಾರೆ. ಮಗು ನೆಲಕ್ಕೆ ಬಿದ್ದು ಕಿರುಚುತ್ತದೆ. ಒಂದು ಗದರಿಕೆ, ಇನ್ನೊಂದು ಗದರಿಕೆ, ಆಮೇಲೆ ಬೆನ್ನಿಗೊಂದು ಪೆಟ್ಟು. ಮಗು ಬಿಕ್ಕುತ್ತಾ ಸುಮ್ಮನಾಗುತ್ತದೆ. ಹತ್ತು ನಿಮಿಷ ಕಳೆದ ಮೇಲೆ ದಾದಿ ಕರುಣೆಯಿಂದ ಮತ್ತೆ ಮೊಬೈಲ್ ಕೊಡುತ್ತಾರೆ.

ಪೆಟ್ಟು ಬಿದ್ದ ಕೂಡಲೇ ಮಗು ಸುಮ್ಮನಾಯಿತಲ್ಲ, ಅಲ್ಲೇ ನಾವು ಮೋಸ ಹೋಗುವುದು. ಪೆಟ್ಟು ಕೆಲಸ ಮಾಡಿತು ಎಂದುಕೊಳ್ಳುತ್ತೇವೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಸಂಶೋಧಕರು 33 ಮನೆಗಳ ತಾಯಂದಿರ ತೋಳಿಗೆ ಧ್ವನಿಮುದ್ರಣ ಯಂತ್ರ ಕಟ್ಟಿ, ಸಂಜೆಯ ಹೊತ್ತು ಮನೆಯಲ್ಲಿ ನಡೆದದ್ದನ್ನು ಕೇಳಿದರು. ಆ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಜಗಳ ಶುರುವಾದ ಮೇಲೆ ತಾಯಿ ಕೈಯೆತ್ತಲು ಸರಾಸರಿ ಅರ್ಧ ನಿಮಿಷವಷ್ಟೇ ಹಿಡಿದಿತ್ತು. ಪೆಟ್ಟು ತಿಂದ ಹತ್ತು ಸಲದಲ್ಲಿ ಏಳಕ್ಕೂ ಹೆಚ್ಚು ಸಲ, ಹತ್ತೇ ನಿಮಿಷದೊಳಗೆ ಮಗು ಮತ್ತೆ ತಂಟೆಗೆ ಇಳಿದಿತ್ತು. ಅಂದರೆ ಸುಮ್ಮನಾದದ್ದು ಬೆದರಿಕೆಯಿಂದ, ತಿಳಿವಳಿಕೆಯಿಂದಲ್ಲ. ನಾಳೆ ಅದೇ ಪೆಟ್ಟು ಸಾಲದು, ಇನ್ನೂ ಜೋರಾಗಿ ಹೊಡೆಯಬೇಕಾಗುತ್ತದೆ. ಕೂಗಾಟದ ಕಥೆಯೂ ಇದೇ. ದಿನವಿಡೀ ಕೂಗುವ ಮನೆಯಲ್ಲಿ ಮಗುವಿನ ಕಿವಿ ಕೂಗಿಗೆ ಒಗ್ಗಿಹೋಗುತ್ತದೆ, ಮೆಲುಮಾತು ಅದಕ್ಕೆ ಕೇಳಿಸುವುದೇ ಇಲ್ಲ.

ಎರಡು-ಮೂರು ವರ್ಷದ ಮಗುವಿಗೆ "ಬೇಡ" ಎಂಬ ಮಾತು ಅರ್ಥವಾಗುತ್ತದೆ. ಆದರೆ ಆಸೆಯಾದದ್ದನ್ನು ತಡೆದುಕೊಳ್ಳುವ ಶಕ್ತಿ ಬೇರೆ. ಅದನ್ನು ನೋಡಿಕೊಳ್ಳುವ ಮೆದುಳಿನ ಮುಂಭಾಗ ಇಪ್ಪತ್ತು ದಾಟುವವರೆಗೂ ಬೆಳೆಯುತ್ತಲೇ ಇರುತ್ತದೆ. ಬೆದರಿದ ಮಗುವಿನ ಗಮನ ನಿಮ್ಮ ಮುಖ ಮತ್ತು ಕೈಯ ಮೇಲಿರುತ್ತದೆ, ನೀವು ಹೇಳುವ ಮಾತಿನ ಮೇಲಲ್ಲ. ಅದು ಕಲಿಯುವುದು ಎರಡೇ ಪಾಠ: ಅಬ್ಬಾ ಇಲ್ಲದಾಗ ಮಾಡಬಹುದು, ಮತ್ತು ದೊಡ್ಡವರು ಚಿಕ್ಕವರನ್ನು ಹೊಡೆಯಬಹುದು. ಎರಡನೆಯ ಪಾಠವನ್ನು ಅದು ತೊಟ್ಟಿಲಲ್ಲಿರುವ ತಮ್ಮನ ಮೇಲೆ ಪ್ರಯೋಗಿಸುತ್ತದೆ.

"ಹಾಗಾದರೆ ಹದೀಸ್‌ನಲ್ಲಿ ಹೊಡೆಯಲು ಹೇಳಿದೆಯಲ್ಲ?" ಎಂದು ಕೆಲವರು ಕೇಳುತ್ತಾರೆ. ಆ ಹದೀಸ್ ಇರುವುದು ನಮಾಜಿನ ಕುರಿತು: ಏಳನೇ ವಯಸ್ಸಿನಲ್ಲಿ ಆದೇಶ, ಹತ್ತನೇ ವಯಸ್ಸಿನಲ್ಲಿ ಶಿಕ್ಷೆಯ ಪ್ರಸ್ತಾಪ. ಮುಖಕ್ಕೆ ಹೊಡೆಯಬಾರದು, ಗಾಯ ಮಾಡಬಾರದು ಎಂದು ಉಲಮಾಗಳು ಅದಕ್ಕೂ ಬೇಲಿ ಹಾಕಿದ್ದಾರೆ. ಏಳರಿಂದ ಹತ್ತರವರೆಗೆ ಮೂರು ವರ್ಷ, ದಿನಕ್ಕೆ ಐದು ಹೊತ್ತು. ಲೆಕ್ಕ ಹಾಕಿದರೆ ಬಾಯಿಮಾತಿನ ನೆನಪಿಸುವಿಕೆಯೇ ಐದು ಸಾವಿರ ಸಲ ದಾಟುತ್ತದೆ. ಮೊಬೈಲಿಗಾಗಿ ಅಳುವ ಎರಡು ವರ್ಷದ ಮಗುವಿಗೆ ಹೊಡೆಯಲು ಇದನ್ನು ಪುರಾವೆ ಮಾಡುವುದು ಹೇಗೆ? ಪ್ರವಾದಿವರ್ಯರು(ಸ) ಸುಜೂದ್‌ನಲ್ಲಿದ್ದಾಗ ಮೊಮ್ಮಗು ಬೆನ್ನೇರಿತು. ಅವರು ಮಗುವನ್ನು ಅವಸರದಿಂದ ಇಳಿಸಲಿಲ್ಲ, ಅದರ ಆಟ ಮುಗಿಯಲೆಂದು ಸುಜೂದನ್ನೇ ದೀರ್ಘಗೊಳಿಸಿದರು. ಅವರ ಸೇವೆಯಲ್ಲಿ ಹತ್ತು ವರ್ಷ ಇದ್ದ ಅನಸ್(ರ) ಒಮ್ಮೆಯೂ ಅವರಿಂದ ಬೇಸರದ ಸದ್ದನ್ನು ಕೇಳಲಿಲ್ಲ.

ಹಾಗೆಂದು ಮಗು ಕೇಳಿದ್ದನ್ನೆಲ್ಲ ಕೊಡಿ ಎಂದಲ್ಲ. ಅದೇ ಮದ್ದೂರಿನ ಮನೆಗೆ ಮರಳೋಣ.

ಮೊದಲು, ಮನೆಯ ದೊಡ್ಡವರೆಲ್ಲ ಒಂದು ನಿಯಮಕ್ಕೆ ಒಪ್ಪಬೇಕು. ಮಗ್ರಿಬ್ ಅಜಾನ್ ಆದರೆ ಮೊಬೈಲ್ ಅಲಮಾರಿಗೆ, ದೊಡ್ಡವರದ್ದೂ ಸೇರಿ. ದಾದಿಯೂ ಕೊಡಬಾರದು, ಮಳವಳ್ಳಿಯ ನಾನಿ ಮನೆಗೆ ಹೋದಾಗಲೂ ಇದೇ ನಿಯಮ. ಅತ್ತಾಗ ಒಂದು ದಿನ ಕೊಟ್ಟು ಒಂದು ದಿನ ಕೊಡದಿದ್ದರೆ, ಇನ್ನೂ ಹೆಚ್ಚು ಅತ್ತರೆ ಸಿಗುತ್ತದೆ ಎಂದು ಮಗು ಕಲಿಯುತ್ತದೆ. ಹಠಕ್ಕೆ ಇದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲ.

ಎರಡನೆಯದು, ಕಿತ್ತುಕೊಳ್ಳಬೇಡಿ. ಐದು ನಿಮಿಷ ಮೊದಲೇ ಅದರ ಪಕ್ಕ ಕುಳಿತು, ಕಣ್ಣಿಗೆ ಕಣ್ಣು ಕೊಟ್ಟು, "ಈ ಹಾಡು ಮುಗಿದ ಮೇಲೆ ಬಂದ್" ಎನ್ನಿ. ಮುಗಿದಾಗ ಮಾಡಬೇಕಾದದ್ದನ್ನು ಹೇಳಿ: "ಬೇಟಾ, ಮೊಬೈಲ್ ನೀನೇ ಇಡುತ್ತೀಯಾ, ಅಬ್ಬಾ ಇಡಲಾ?" ಎರಡರಲ್ಲಿ ಯಾವುದಾದರೂ ಮೊಬೈಲ್ ಹೋಗುತ್ತದೆ, ಆದರೆ ಆಯ್ಕೆ ಮಗುವಿನದು. ಕೂಡಲೇ ಅದರ ಕೈಗೆ ಬೇರೆ ಕೆಲಸ ಕೊಡಿ. ಬಟಾಣಿ ಸುಲಿಯಲಿ, ಜಾನಮಾಜ್ ಹಾಸಲಿ.

ಮೂರನೆಯದು, ಅತ್ತರೆ ಅಳಲಿ. ಹತ್ತಿರ ಕುಳಿತಿರಿ, ಮಾತು ಕಡಿಮೆ ಮಾಡಿ. "ಬೇಜಾರಾಯ್ತಲ್ವಾ, ನಾಳೆ ನೋಡೋಣ" ಎಂದರೆ ಸಾಕು. ಭಾಷಣ ಬೇಡ, ಮೊಬೈಲೂ ಬೇಡ. ಮೊದಲ ಕೆಲವು ದಿನ ಅಳು ಹೆಚ್ಚಾಗುತ್ತದೆ, ಅನೇಕರು ಸೋಲುವುದು ಅಲ್ಲಿಯೇ. ಹಳೆಯ ದಾರಿ ಮುಚ್ಚಿದೆಯೋ ಇಲ್ಲವೋ ಎಂದು ಮಗು ಜೋರಾಗಿ ತಟ್ಟಿ ನೋಡುತ್ತಿದೆ, ಅಷ್ಟೇ. ಮನೆಯವರೆಲ್ಲ ಗಟ್ಟಿಯಾಗಿ ನಿಂತರೆ ಅಳುವ ಹೊತ್ತು ದಿನದಿಂದ ದಿನಕ್ಕೆ ಕುಗ್ಗುತ್ತಾ ಬರುತ್ತದೆ. ಅದೇ ಗುರುತು.

ನಾಲ್ಕನೆಯದು, ತಾನಾಗಿ ಇಟ್ಟ ದಿನ ಆ ಕ್ಷಣವೇ ಹೇಳಿ: "ಮಾಷಾ ಅಲ್ಲಾಹ್, ನೀನೇ ಇಟ್ಟೆಯಲ್ಲ!" ನಾವು ತಪ್ಪಿಗೆ ಮಾತ್ರ ತಿರುಗಿ ನೋಡಿದರೆ, ನಮ್ಮ ನೋಟ ಬೇಕಾದಾಗಲೆಲ್ಲ ಮಗು ತಪ್ಪನ್ನೇ ಮಾಡುತ್ತದೆ.

ಅಪಾಯದ ಮಾತು ಬೇರೆ. ಮಗು ವಿ.ಸಿ. ನಾಲೆಯ ಏರಿಗೆ ಓಡಿದರೆ, ಆಲೆಮನೆಯ ಕೊಪ್ಪರಿಗೆ ಬಳಿ ಹೋದರೆ, ಕೂಗಿ, ಗಟ್ಟಿಯಾಗಿ ಹಿಡಿದೆಳೆಯಿರಿ. ಅದು ಕಾವಲು, ಶಿಕ್ಷೆಯಲ್ಲ. ಎಳೆದ ಮೇಲೆ ಹೊಡೆಯುವ ಅಗತ್ಯವಿಲ್ಲ. ಈ ವಯಸ್ಸಿನ ಮಗು ಪೆಟ್ಟನ್ನು ನೆನಪಿಟ್ಟುಕೊಂಡು ನೀರಿನಿಂದ ದೂರ ಇರುತ್ತದೆ ಎಂದು ನಂಬಿ ಕೈ ಬಿಡುವುದೇ ಹೆಚ್ಚು ಅಪಾಯ.

ನಮ್ಮ ಕೋಪಕ್ಕೂ ಮದ್ದು ಬೇಕು. ಸಿಟ್ಟು ಬಂದಾಗ ನಿಂತವನು ಕೂರಬೇಕು, ಇಳಿಯದಿದ್ದರೆ ಮಲಗಬೇಕು ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಕೈ ನಡುಗುವಷ್ಟು ಸಿಟ್ಟಿದ್ದರೆ ಮಗುವನ್ನು ಸುರಕ್ಷಿತ ಜಾಗದಲ್ಲಿ ಕೂರಿಸಿ, ಇನ್ನೊಬ್ಬರಿಗೆ ಒಪ್ಪಿಸಿ, ಎರಡು ನಿಮಿಷ ಆಚೆ ಹೋಗಿ. ಕಿವಿಗೆ ಹೊಡೆದರೆ ತಮಟೆ ಹರಿಯಬಹುದು. ಎಳೆಗೂಸನ್ನು ಹಿಡಿದು ಕುಲುಕಿದರೆ ಮೆದುಳಿನಲ್ಲಿ ರಕ್ತಸ್ರಾವವಾಗಿ ಜೀವವೇ ಹೋಗಬಹುದು.

ಕೊನೆಯದಾಗಿ, ಎಲ್ಲ ಹಠವೂ ಹಠವಲ್ಲ. ಹಸಿವು, ನಿದ್ದೆ, ಜ್ವರ ಮೊದಲು ನೋಡಿ. ಹೆಸರು ಹಿಡಿದು ಕರೆದರೆ ತಿರುಗದ, ಎರಡು ವರ್ಷ ದಾಟಿದರೂ ಎರಡು ಪದ ಜೋಡಿಸದ ಮಗುವಿಗೆ ಕಿವಿ ಕೇಳಿಸದೇ ಇರಬಹುದು, ಬೆಳವಣಿಗೆಯ ತೊಂದರೆ ಇರಬಹುದು. ಅಂಥ ಮಗುವನ್ನು "ಮಾತು ಕೇಳಲ್ಲ" ಎಂದು ಹೊಡೆಯುವುದು ದೊಡ್ಡ ಅನ್ಯಾಯ. ಅಂಗನವಾಡಿ ಕಾರ್ಯಕರ್ತೆಗೆ ತಿಳಿಸಿ, ಮಂಡ್ಯದ ಮಿಮ್ಸ್ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಕರೆದುಕೊಂಡು ಹೋಗಿ ತೋರಿಸಿ.

ನಮ್ಮ ಹೆಜ್ಜೆಯ ಸದ್ದು ಕೇಳಿ ಬಾಗಿಲ ಹಿಂದೆ ಅಡಗದೆ, ಬಾಗಿಲಿಗೆ ಓಡಿಬರುವ ಮಕ್ಕಳನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.