ಸಂಘದ ಉಳಿತಾಯದ ಲೆಕ್ಕ: ಅಡ್ಡಕ್ಕೂ ಕೂಡಿ, ಉದ್ದಕ್ಕೂ ಕೂಡಿ



ನಿಮ್ಮ ಊರಿನ ಉಳಿತಾಯ ಸಂಘದ ಪುಸ್ತಕವನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ವಾರಕ್ಕೊಂದು ಪುಟ, ಮೇಲೆ ತಾರೀಖು, ಕೆಳಗೆ ಅಂದು ಹಣ ಕೊಟ್ಟವರ ಹೆಸರು, ಅದರ ಮುಂದೆ ಮೊಬಲಗು. ಅಂದಿನ ಮಟ್ಟಿಗೆ ಇದು ಸರಿಯಾದ ಬರಹವೇ. ಆದರೆ "ನಾನು ಇಲ್ಲಿಯವರೆಗೆ ಎಷ್ಟು ಕಟ್ಟಿದ್ದೇನೆ?" ಎಂದು ಒಬ್ಬಾಕೆ ಕೇಳಿದರೆ ಪುಸ್ತಕವೆಲ್ಲ ತಿರುವಿ ಹಾಕಬೇಕು. ತಿರುವುವಾಗ ಒಂದು ಹಾಳೆ ಅಂಟಿಕೊಂಡರೆ ಲೆಕ್ಕ ತಪ್ಪಿತು, ಜಗಳ ಬಂತು.

ಇಂಥ ಒಂದು ಜಗಳದ ನಡುವೆ ನಾನು ಕೂತಿದ್ದೆ. ಹೆಸರುಗಳನ್ನು ಬದಲಿಸಿ, ಲೆಕ್ಕವನ್ನು ಐದು ಜನಕ್ಕೆ, ಮೂರು ತಿಂಗಳಿಗೆ ಇಳಿಸಿ ಹೇಳುತ್ತೇನೆ. ಸಂಘದಲ್ಲಿ ಪ್ರತಿ ಸೋಮವಾರ ತಲೆಗೆ 20 ರೂಪಾಯಿ ಉಳಿತಾಯ. ಬಾಕಿ ಇರುವವರಿಗೆ ಸಾಲವಿಲ್ಲ ಎಂಬುದು ಅವರೇ ಮಾಡಿಕೊಂಡ ಕಟ್ಟುಪಾಡು. ಜೂನ್ ಕೊನೆಯಲ್ಲಿ ದೊಡ್ಡ ಲಕ್ಷ್ಮಮ್ಮ ಗೊಬ್ಬರಕ್ಕೆಂದು ಸಾಲ ಕೇಳಿದರು. "ನಿಂದು ಎರಡು ವಾರ ಬಾಕಿ ಐತಲ್ಲ ಅಕ್ಕ" ಅಂದರು ಬರೆಯುವ ಹುಡುಗಿ. "ಒಂದು ವಾರವೂ ಬಾಕಿ ಮಡಗಿಲ್ಲ ಕಣವ್ವ" ಎಂದು ಇವರು ಪಟ್ಟು ಹಿಡಿದರು. ಹದ ಮಳೆ ಬಿದ್ದಿತ್ತು. ಗೊಬ್ಬರ ಕಾಯುವ ಹಾಗಿರಲಿಲ್ಲ.

ಒಂದು ದೊಡ್ಡ ಹಾಳೆ ತರಿಸಿದೆವು. ಎಡಗಡೆ ಮೇಲಿಂದ ಕೆಳಕ್ಕೆ ಸದಸ್ಯರ ಹೆಸರು, ಒಬ್ಬೊಬ್ಬರಿಗೆ ಒಂದು ಅಡ್ಡಸಾಲು. ತಲೆಯ ಮೇಲೆ ತಿಂಗಳುಗಳು, ತಿಂಗಳಿಗೊಂದು ಕಂಬಸಾಲು. ಬಲತುದಿಗೆ ಒಂದು ಕಂಬ, ಅಡಿಗೆ ಒಂದು ಸಾಲು, ಇವೆರಡೂ ಮೊತ್ತಕ್ಕೆ. ಚೌಕಾಬಾರ ಆಡಿದವರಿಗೆ 'ಮನೆ' ಎಂದರೆ ಏನೆಂದು ಹೇಳಬೇಕಾಗಿಲ್ಲ. ಇಲ್ಲಿಯೂ ಹಾಗೆಯೇ, ಒಬ್ಬರು ಒಂದು ತಿಂಗಳಲ್ಲಿ ಕೊಟ್ಟಿದ್ದೆಲ್ಲ ಒಂದು ಮನೆ.

ಈಗ ಪುಸ್ತಕದ ಮೊದಲ ಪುಟದಿಂದ ಹಣವನ್ನು ಮನೆಗಳಿಗೆ ಸಾಗಿಸಬೇಕು. ಒಂದು ತಿಂಗಳಿಗೆ ನಾಲ್ಕೈದು ಸೋಮವಾರ ಬರುವುದರಿಂದ ಮನೆಯಲ್ಲಿ ಪೆನ್ಸಿಲಿನಿಂದ ಸಣ್ಣಗೆ 20, 20, 20 ಎಂದು ಬರೆದುಕೊಳ್ಳುತ್ತ ಹೋಗಿ, ತಿಂಗಳು ಮುಗಿದ ಮೇಲೆ ಕೂಡಿ ಶಾಯಿಯಲ್ಲಿ ಬರೆಯಿರಿ. ಒಂದೊಂದು ಮೊಬಲಗನ್ನು ಸಾಗಿಸಿದ ಕೂಡಲೇ ಪುಸ್ತಕದಲ್ಲಿ ಅದರ ಪಕ್ಕ ಕೆಂಪು ಗುರುತು ಹಾಕಿ. ಇಲ್ಲವಾದರೆ ಯಾರೋ ನೀರು ಕೇಳಿದರು ಎಂದು ಎದ್ದು ಬಂದು ಕೂತಾಗ ಅದೇ ಸಾಲನ್ನು ಎರಡು ಸಲ ಬರೆಯುವುದುಂಟು. ಕೊಡದೆ ಇದ್ದ ತಿಂಗಳ ಮನೆಯಲ್ಲಿ ಅಡ್ಡಗೆರೆ ಎಳೆಯಿರಿ. ಬರಿದಾಗಿ ಬಿಟ್ಟರೆ ಕೊಟ್ಟಿಲ್ಲವೋ, ಬರೆಯಲು ಮರೆತದ್ದೋ ತಿಳಿಯುವುದಿಲ್ಲ. ಸಾಲದ ಕಂತು, ಬಡ್ಡಿ, ದಂಡ ಇವು ಉಳಿತಾಯವಲ್ಲ. ಅದೇ ಪುಟದಲ್ಲಿ ಬರೆದಿದ್ದರೂ ಈ ಹಾಳೆಗೆ ಬರಕೂಡದು.

ಹಿಂದಿನ ಬಾಕಿಯನ್ನು ಮುಂದಿನ ತಿಂಗಳಲ್ಲಿ ಕೊಟ್ಟರೆ ಯಾವ ಮನೆಗೆ? ಇಲ್ಲಿ ಬಹಳ ಜನ ಎಡವುತ್ತಾರೆ. ಮೇ ತಿಂಗಳ ಬಾಕಿಯಾದರೂ ಜೂನ್‌ನಲ್ಲಿ ಕೈಗೆ ಬಂದಿದ್ದರೆ ಜೂನ್ ಮನೆಯಲ್ಲೇ ಬರೆಯಿರಿ. ಮೇ ಮನೆಗೆ ಹಿಂದಕ್ಕೆ ತುಂಬಿದರೆ ಕಂಬದ ಮೊತ್ತ ಆ ತಿಂಗಳು ನಿಜವಾಗಿ ಪೆಟ್ಟಿಗೆಗೆ ಬಂದ ಹಣಕ್ಕೆ ಹೊಂದುವುದಿಲ್ಲ. ಮುಂದೆ ಹೇಳುವ ತಾಳೆಯೂ ಕೆಟ್ಟುಹೋಗುತ್ತದೆ.

ನಮ್ಮ ಹಾಳೆ ತುಂಬಿತು. ಅಡ್ಡಸಾಲುಗಳ ಮೊತ್ತಗಳನ್ನು ಕೂಡಿದರೆ 1260. ಕಂಬಗಳ ಮೊತ್ತಗಳನ್ನು ಕೂಡಿದರೆ 1240. ಬಲಗಡೆಯ ಕೆಳಮೂಲೆಗೆ ಎರಡು ದಾರಿಯಿಂದಲೂ ಒಂದೇ ಅಂಕಿ ಬರಬೇಕು. ಬರಲಿಲ್ಲವೆಂದರೆ ಕೂಡಿಕೆಯಲ್ಲಿ ತಪ್ಪಿದೆ ಎಂದೇ ಅರ್ಥ. ಮನೆಗಳ ಅಂಕಿಯನ್ನು ತಿದ್ದಲು ಹೋಗಬೇಡಿ. ಮೇಲಿಂದ ಕೂಡಿದ್ದನ್ನು ಕೆಳಗಿನಿಂದ ಕೂಡಿ ನೋಡಿ. ನಾವು ಮೇ ಕಂಬವನ್ನು 320 ಎಂದು ಕೂಡಿದ್ದೆವು, ಅದು 340. ಈಗ ಮೂಲೆಯಲ್ಲಿ ಎರಡೂ ಕಡೆಯಿಂದ 1260.

"ತಾಳೆಯಾಯ್ತಲ್ಲ ಸಾರ್, ಲೆಕ್ಕ ಸರಿ" ಅಂದರು ಎಲ್ಲರೂ. ನಾನೂ ಹಾಗೇ ಅಂದುಕೊಂಡೆ. ಆದರೆ ಹಾಳೆಯಲ್ಲಿ ದೊಡ್ಡ ಲಕ್ಷ್ಮಮ್ಮನ ಸಾಲು 220 ತೋರಿಸುತ್ತಿತ್ತು, ಅಂದರೆ ಹುಡುಗಿ ಹೇಳಿದಂತೆ 40 ರೂಪಾಯಿ ಬಾಕಿ. ಆಕೆಯ ಮುಖ ಸಣ್ಣದಾಯಿತು.

ಆಗ ಕಣ್ಣಿಗೆ ಬಿದ್ದದ್ದು ಕೆಳಗಿನ ಸಾಲು. ತೋಟದಮನೆ ಲಕ್ಷ್ಮಮ್ಮನ ಹೆಸರಿನಲ್ಲಿ 280. ಏಪ್ರಿಲ್‌ನಲ್ಲಿ ಐದು ಸೋಮವಾರ, ಮೇ ಮತ್ತು ಜೂನ್‌ನಲ್ಲಿ ನಾಲ್ಕು ನಾಲ್ಕು, ಒಟ್ಟು ಹದಿಮೂರು ವಾರ. ವಾರಕ್ಕೆ 20ರಂತೆ ಕಟ್ಟಬೇಕಾದದ್ದೇ 260. ಆಕೆ 20 ಹೆಚ್ಚು ಕಟ್ಟಿದ್ದಾರೆಯೇ? ಕೇಳಿದರೆ, "ನಾನ್ಯಾಕೆ ಹೆಚ್ಚಿಗೆ ಕಟ್ಟಲಿ ಸ್ವಾಮಿ, ಜೂನ್‌ನಲ್ಲಿ ಒಂದು ವಾರ ಮಗಳ ಊರಿಗೆ ಹೋಗಿದ್ದೆ, ಆ ವಾರದ್ದು ಇನ್ನೂ ಕೊಟ್ಟೇ ಇಲ್ಲ" ಎಂದು ತಮ್ಮ ಕೈಪುಸ್ತಕ ತಂದು ತೋರಿಸಿದರು. ಅದರಲ್ಲಿ 240 ಇತ್ತು.

ಜೂನ್ ಪುಟಗಳನ್ನು ತೆರೆದೆವು. ಒಂದು ಸೋಮವಾರ ಬರೇ "ಲಕ್ಷ್ಮಮ್ಮ 40" ಎಂದಿತ್ತು. ಆ ದಿನ ಬಂದವರು ಒಬ್ಬರೇ ಲಕ್ಷ್ಮಮ್ಮ, ದೊಡ್ಡವರು. ಮೇ ತಿಂಗಳ 20 ಬಾಕಿಯನ್ನೂ ಅಂದಿನ 20ನ್ನೂ ಸೇರಿಸಿ ಕೊಟ್ಟಿದ್ದರು. ನಾವು ಅದನ್ನು ಪಕ್ಕದ ಸಾಲಿಗೆ ಹಾಕಿಬಿಟ್ಟಿದ್ದೆವು. ತಿದ್ದಿದ ಮೇಲಿನ ಹಾಳೆ ಹೀಗಿದೆ:

| ಸದಸ್ಯರು | ಏಪ್ರಿಲ್ | ಮೇ | ಜೂನ್ | ಒಟ್ಟು |
|---|---|---|---|---|
| ಗೌರಮ್ಮ | 100 | 80 | 80 | 260 |
| ದೊಡ್ಡ ಲಕ್ಷ್ಮಮ್ಮ | 100 | 60 | 100 | 260 |
| ತೋಟದಮನೆ ಲಕ್ಷ್ಮಮ್ಮ | 100 | 80 | 60 | 240 |
| ಪುಟ್ಟತಾಯಮ್ಮ | 80 | 80 | 80 | 240 |
| ಸಾವಿತ್ರಮ್ಮ | 100 | 40 | 120 | 260 |
| ಒಟ್ಟು | 480 | 340 | 440 | 1260 |

ಮೂಲೆಯ ಅಂಕಿ ಆಗಲೂ 1260, ಈಗಲೂ 1260. ಜೂನ್ ಕಂಬ ಆಗಲೂ 440, ಈಗಲೂ 440. ಒಬ್ಬರ ಹಣ ಅದೇ ತಿಂಗಳಲ್ಲಿ ಇನ್ನೊಬ್ಬರ ಸಾಲಿಗೆ ಬಿದ್ದರೆ ಮೂಲೆಗೆ ಗೊತ್ತೇ ಆಗುವುದಿಲ್ಲ. ಮೂಲೆ ನೋಡುವುದು ಕೂಡಿಕೆಯನ್ನು ಮಾತ್ರ. ಹಣ ಸರಿಯಾದ ಮನೆಗೆ ಹೋಯಿತೋ ಇಲ್ಲವೋ ಎನ್ನುವುದಕ್ಕೆ ಇನ್ನೆರಡು ತಾಳೆ ಬೇಕು. ಕಂಬದ ಮೊತ್ತವನ್ನು ಆ ತಿಂಗಳ ಸೋಮವಾರಗಳ ಪುಟದಡಿಯ ಉಳಿತಾಯದ ಮೊತ್ತಗಳೊಂದಿಗೆ ನೋಡಬೇಕು. ಯಾವುದಾದರೂ ಬಿಟ್ಟುಹೋಗಿದ್ದರೆ, ಎರಡು ಸಲ ಬಂದಿದ್ದರೆ, ಬೇರೆ ತಿಂಗಳಿಗೆ ಹೋಗಿದ್ದರೆ ಅಲ್ಲಿ ಸಿಕ್ಕುತ್ತದೆ. ಅಡ್ಡಸಾಲಿನ ಮೊತ್ತವನ್ನು ಆಯಾ ಸದಸ್ಯರ ಕೈಪುಸ್ತಕದೊಂದಿಗೆ, ಅವರ ಎದುರಿಗೇ, ಗಟ್ಟಿಯಾಗಿ ಓದಿ ನೋಡಬೇಕು. ನಮ್ಮ ತಪ್ಪು ಸಿಕ್ಕಿದ್ದು ಅಲ್ಲಿಯೇ.

ಬ್ಯಾಂಕಿನ ಪಾಸುಪುಸ್ತಕಕ್ಕೆ ಈ ಹಾಳೆ ಹೊಂದಲಿಲ್ಲವೆಂದು ಗಾಬರಿಪಡಬೇಡಿ. ಸಂಘದೊಳಗೇ ಸಾಲ ಕೊಟ್ಟ ಹಣ ಬ್ಯಾಂಕಿಗೆ ಹೋಗಿರುವುದಿಲ್ಲ. ಕಂತು ಬಡ್ಡಿಯ ಹಣ ಹೋಗಿರುತ್ತದೆ. ಅದನ್ನು ನಗದು ಪುಸ್ತಕ ಇಟ್ಟುಕೊಂಡು ಬೇರೆಯಾಗಿ ನೋಡಬೇಕು.

ಇನ್ನು ಹೆಸರಿನ ಮಾತು. ಒಂದೇ ಹೆಸರಿನವರು ಇಬ್ಬರಿರುವ ಸಂಘಕ್ಕೆ ಹಳ್ಳಿಗಳಲ್ಲಿ ಬರವಿಲ್ಲ. ಹಾಳೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟು, ವಾರದ ಪುಟದಲ್ಲೂ ಹೆಸರಿನ ಹಿಂದೆ ಅದೇ ಸಂಖ್ಯೆ ಬರೆಯುವುದನ್ನು ಆ ಸಂಘದವರು ಅಂದೇ ಶುರುಮಾಡಿದರು. ಒಬ್ಬರು ಸಂಘ ಬಿಟ್ಟರೆ ಆ ಸಂಖ್ಯೆಯನ್ನು ಹೊಸಬರಿಗೆ ಕೊಡಬೇಡಿ, ಹಳೆಯ ಹಣ ಹೊಸಬರ ತಲೆಗೆ ಬರುತ್ತದೆ.

ದೊಡ್ಡ ಲಕ್ಷ್ಮಮ್ಮನಿಗೆ ಸಾಲ ಆ ಸಂಜೆಯೇ ಸಿಕ್ಕಿತು. ತೋಟದಮನೆ ಲಕ್ಷ್ಮಮ್ಮ ಮತ್ತು ಪುಟ್ಟತಾಯಮ್ಮ ತಮ್ಮ 20 ರೂಪಾಯಿ ಬಾಕಿಯನ್ನು ಮುಂದಿನ ಸೋಮವಾರ ತಂದು ಕಟ್ಟಿದರು. ಬರೆಯುವ ಹುಡುಗಿ ಅದನ್ನು ಜುಲೈ ಮನೆಯಲ್ಲಿ ಬರೆದರು.