₹ ಟೈಪ್ ಮಾಡೋಣ ಬನ್ನಿ

ಈಚೆಗೆ ದಿವಾದಲ್ಲಿ ನಮ್ಮ ಮಹಿಳಾ ವಿಭಾಗದ ಹಳೆಯ ಲೆಕ್ಕದ ಫೈಲ್ ತೆರೆದೆವು. ₹500 ಇರಬೇಕಾದ ಕಡೆಯೆಲ್ಲ `500 ಎಂದಿತ್ತು. ಟೈಪ್ ಮಾಡಿದ ಅಕ್ಕನವರಿಗೆ ಬೇಸರವಾಯಿತು. ಆದರೆ ತಪ್ಪು ಅವರದಲ್ಲ.

ಕೇಂದ್ರ ಸರ್ಕಾರ ₹ ಚಿಹ್ನೆಯನ್ನು ಒಪ್ಪಿದ್ದು 2010ರ ಜುಲೈ 15ರಂದು. ಆಗ ಕಂಪ್ಯೂಟರಿನಲ್ಲಿ ಅದಕ್ಕೆ ಸ್ವಂತ ಸಂಕೇತ ಇರಲಿಲ್ಲ. ಮಂಗಳೂರಿನ ಫೊರೇಡಿಯನ್ ಸಂಸ್ಥೆ ಬೇಗನೆ ಒಂದು ಫಾಂಟ್ ಕೊಟ್ಟಿತು. ಟ್ಯಾಬ್ ಕೀಲಿಯ ಮೇಲಿರುವ ` ಒತ್ತಿದರೆ ಅದರಲ್ಲಿ ₹ ಕಾಣುತ್ತಿತ್ತು. ಕಣ್ಣಿಗೆ ಕಂಡದ್ದು ₹, ಫೈಲಿನಲ್ಲಿ ಉಳಿದದ್ದು `. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ` ಮಾತ್ರ ಕಾಣುತ್ತದೆ. ಅದೇ ವರ್ಷ ಅಕ್ಟೋಬರಿನಲ್ಲಿ ಯೂನಿಕೋಡ್ ₹ ಚಿಹ್ನೆಗೆ 20B9 ಎಂಬ ಸಂಕೇತ ಕೊಟ್ಟಿತು.

ಈಗ ವರ್ಡ್‌ನಲ್ಲಿ 20B9 ಎಂದು ಟೈಪ್ ಮಾಡಿ, ಕೂಡಲೇ Alt+X ಒತ್ತಿ. ₹ ಬಂದ ಮೇಲೆ ಮೊತ್ತ ಬರೆಯಿರಿ. ಹೀಗೆಯೇ 20AC ಒತ್ತಿದರೆ €, 00A3 ಒತ್ತಿದರೆ £. ವಿಂಡೋಸ್‌ನಲ್ಲಿ English (India) ಕೀಬೋರ್ಡ್ ಆರಿಸಿದ್ದರೆ ಬಲಗಡೆಯ Alt ಹಿಡಿದು 4 ಒತ್ತಿದರೂ ಸಾಕು. ಅಮೆರಿಕದ ಕೀಬೋರ್ಡ್ ಆರಿಸಿದ್ದರೆ ಇದು ಬರುವುದಿಲ್ಲ. ಫೋನಿನಲ್ಲಿ ಅಂಕಿಗಳ ಪುಟಕ್ಕೆ ಹೋಗಿ ಹಣದ ಚಿಹ್ನೆಯನ್ನು ಒತ್ತಿ ಹಿಡಿಯಿರಿ. ಉಳಿದ ದೇಶಗಳ ಚಿಹ್ನೆಗಳೂ ಮೇಲೆ ತೆರೆದುಕೊಳ್ಳುತ್ತವೆ.

ನಮ್ಮ ಹಳೆಯ ಫೈಲನ್ನು Ctrl+H ಒತ್ತಿ, ` ಇದ್ದಲ್ಲೆಲ್ಲ ₹ ಹಾಕಿ ಸರಿಪಡಿಸಿದೆವು. ನಿಮ್ಮಲ್ಲಿ ₹ ಬದಲು ಖಾಲಿ ಚೌಕ ಕಂಡರೆ ಗಾಬರಿ ಬೇಡ. ಸಂಕೇತ ಸರಿಯಾಗಿಯೇ ಇದೆ, ಆ ಫಾಂಟಿನಲ್ಲಿ ಚಿತ್ರ ಇಲ್ಲ ಅಷ್ಟೆ. Nirmala UI ಫಾಂಟ್ ಆರಿಸಿ ನೋಡಿ. ಅದರಲ್ಲಿ ಕನ್ನಡವೂ ಇದೆ, ₹ ಕೂಡ ಇದೆ. ಲೆಕ್ಕ ಕಳಿಸುವ ಮುನ್ನ ಇನ್ನೊಬ್ಬರ ಫೋನಿನಲ್ಲಿ ಒಮ್ಮೆ ತೆರೆದು ನೋಡಿ.