ಕೋಡಿಂಗ್ ರೌಂಡ್‌ನಲ್ಲಿ ರಿಜೆಕ್ಟ್ ಆಯ್ತಾ? ಫೀಡ್‌ಬ್ಯಾಕ್ ಕೇಳೋದು ಹೀಗೆ

ಕೋಡಿಂಗ್ ರೌಂಡ್ ಮುಗಿದು ಎರಡು ದಿನಕ್ಕೆ ಒಂದು ಮೇಲ್ ಬರುತ್ತೆ. ‘ನಿಮ್ಮ ಸಮಯಕ್ಕೆ ಧನ್ಯವಾದ, ಸದ್ಯಕ್ಕೆ ನಾವು ಮುಂದುವರಿಯುತ್ತಿಲ್ಲ’ ಅಂತ ಎರಡೇ ಸಾಲು. ಯಾಕೆ ಅನ್ನೋದು ಅದರಲ್ಲಿ ಇರಲ್ಲ. ಕೇಳೋಣ ಅನಿಸುತ್ತೆ, ಆದರೆ ಕೇಳಿದರೆ ಜಗಳಕ್ಕೆ ಬಂದ ಅಂದ್ಕೊಳ್ತಾರೇನೋ ಅನ್ನೋ ಅಳುಕು. ಇವತ್ತು ಅದೊಂದೇ ವಿಷಯ ಮಾತಾಡೋಣ.

ಮೊದಲು ನಿಮ್ಮ ರೌಂಡ್ ಯಾವುದು ನೋಡ್ಕೊಳ್ಳಿ. ನೀವೊಬ್ಬರೇ ಕೂತು ಬರೆದ ಆನ್‌ಲೈನ್ ಟೆಸ್ಟ್ ಆದರೆ ಅಂಕ ಹಾಕಿದ್ದು ಸಾಫ್ಟ್‌ವೇರ್. ಹಿಡನ್ ಟೆಸ್ಟ್ ಕೇಸ್ ಎಷ್ಟು ಪಾಸಾದವು, ಕಟ್-ಆಫ್ ದಾಟಿತಾ, ಅಷ್ಟೇ. ಅಲ್ಲಿ ಕೇಳಿದರೂ ಸಿಗೋದು ಕಡಿಮೆ. ಆದರೆ ಲೈವ್ ರೌಂಡ್ ಆಗಿದ್ರೆ ಸಾಮಾನ್ಯವಾಗಿ ಇಂಟರ್‌ವ್ಯೂ ಮಾಡಿದವರು ನೋಟ್ಸ್ ಬರೆದಿರ್ತಾರೆ. ಪ್ರಶ್ನೆ ಅರ್ಥ ಮಾಡ್ಕೊಂಡರಾ, ದಾರಿ ಸರಿ ಇತ್ತಾ, ಕೋಡ್ ಹೇಗಿತ್ತು, ತಾವೇ ಟೆಸ್ಟ್ ಮಾಡಿ ನೋಡಿದರಾ, ಯೋಚನೆಯನ್ನು ಬಾಯ್ಬಿಟ್ಟು ಹೇಳಿದರಾ. ನಿಮಗೆ ಬೇಕಾಗಿರೋದು ಆ ನೋಟ್ಸ್‌ನ ಒಂದು ಸಾಲು.

ಅದನ್ನು ಕೇಳಬೇಕಾಗಿರೋದು ರಿಕ್ರೂಟರ್ ಹತ್ತಿರ. ಇಂಟರ್‌ವ್ಯೂ ಮಾಡಿದವರನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ ಮೆಸೇಜ್ ಹಾಕಬೇಡಿ, ಅವರಿಗೆ ಮುಜುಗರ. ಇನ್ನೊಂದು, ರಿಸಲ್ಟ್ ಬದಲಾಯಿಸೋದು ಸಾಮಾನ್ಯವಾಗಿ ರಿಕ್ರೂಟರ್ ಕೈಯಲ್ಲಿ ಇರಲ್ಲ. ‘ಮತ್ತೊಮ್ಮೆ ನೋಡಿ’ ಅಂತ ಅನಿಸೋ ಒಂದು ಪದ ಕಂಡರೂ ಅವರು ಸುಮ್ಮನೆ ರೆಡಿಮೇಡ್ ಉತ್ತರ ಕಳಿಸಿಬಿಡ್ತಾರೆ.

ಈಗ ಒಂದು ಉದಾಹರಣೆ. ಒಬ್ಬಳು ಫ್ರೆಶರ್ ಅಂತ ಇಟ್ಕೊಳ್ಳಿ. ಲೈವ್ ರೌಂಡ್, 45 ನಿಮಿಷ. ಪ್ರಶ್ನೆ: ಒಂದು ಅರೇಯಲ್ಲಿ ಮೊತ್ತ `k` ಬರುವ ಸಬ್‌ಅರೇಗಳು ಎಷ್ಟು? ಅವಳು ಸ್ಲೈಡಿಂಗ್ ವಿಂಡೋ ಬರೆದಳು, ಕೊಟ್ಟ ಸ್ಯಾಂಪಲ್‌ಗಳು ಎಲ್ಲಾ ಪಾಸು. ಎರಡು ದಿನ ಬಿಟ್ಟು ರಿಜೆಕ್ಟ್.

ಅವಳ ಕೈ ಮೊದಲು ಟೈಪ್ ಮಾಡೋದು ಇದನ್ನೇ: ‘ನನ್ನ ಕೋಡ್ ಎಲ್ಲಾ ಟೆಸ್ಟ್ ಪಾಸ್ ಮಾಡಿತ್ತು. ಯಾಕೆ ರಿಜೆಕ್ಟ್ ಮಾಡಿದ್ರಿ ಅಂತ ತಿಳಿಸ್ತೀರಾ?’ ಮಾತು ಮರ್ಯಾದೆಯಾಗೇ ಇದೆ. ಆದರೆ ಮೊದಲ ವಾಕ್ಯ ಸಾಕ್ಷಿ ಹೇಳ್ತಿದೆ, ಎರಡನೇದು ಸಮಜಾಯಿಷಿ ಕೇಳ್ತಿದೆ. ಓದಿದವರಿಗೆ ಅದು ಅಪೀಲು.

ಅದನ್ನೇ ಹೀಗೆ ಬರೀಬಹುದು. ಮೇಲ್ ಇಂಗ್ಲಿಷ್‌ನಲ್ಲೇ ಹೋಗುತ್ತೆ, ಅರ್ಥ ಇದಿರಲಿ: ‘ತಿಳಿಸಿದ್ದಕ್ಕೆ ಧನ್ಯವಾದ, ನಿಮ್ಮ ನಿರ್ಧಾರ ನನಗೆ ಅರ್ಥವಾಗಿದೆ. ಮುಂದಿನ ಇಂಟರ್‌ವ್ಯೂಗಳಿಗೆ ತಯಾರಾಗ್ತಿದ್ದೀನಿ. ದಾರಿ ಆಯ್ಕೆ, ಕೋಡ್, ಟೆಸ್ಟಿಂಗ್, ವಿವರಿಸೋ ರೀತಿ, ಇವುಗಳಲ್ಲಿ ನಾನು ಮೊದಲು ಯಾವುದರ ಮೇಲೆ ಕೆಲಸ ಮಾಡಬೇಕು? ಹಂಚಿಕೊಳ್ಳೋಕೆ ಕಂಪನಿಯ ನಿಯಮ ಬಿಡದಿದ್ದರೂ ಪರವಾಗಿಲ್ಲ.’

ಇಲ್ಲಿ ‘ಯಾಕೆ’ ಅನ್ನೋ ಪದವೇ ಇಲ್ಲ ನೋಡಿ. ಪ್ರಶ್ನೆ ಹಿಂದಿನ ನಿರ್ಧಾರದ ಬಗ್ಗೆ ಅಲ್ಲ, ಮುಂದಿನ ತಯಾರಿ ಬಗ್ಗೆ. ನಾಲ್ಕರಲ್ಲಿ ಒಂದನ್ನು ಆರಿಸಿ ಹೇಳೋದು ರಿಕ್ರೂಟರ್‌ಗೆ ಒಂದು ನಿಮಿಷದ ಕೆಲಸ. ಕೊನೇ ಸಾಲು ಅವರಿಗೆ ‘ಆಗಲ್ಲ’ ಅನ್ನೋಕೂ ದಾರಿ ಬಿಟ್ಟಿದೆ. ಒಂದೆರಡು ದಿನದೊಳಗೆ, ಅದೇ ಮೇಲ್‌ಗೆ ರಿಪ್ಲೈ ಮಾಡಿ. ವಾರ ಕಳೆದರೂ ಉತ್ತರ ಬರದಿದ್ದರೆ ಒಂದು ಸಲ ನೆನಪಿಸಿ, ಆಮೇಲೆ ಬಿಟ್ಟುಬಿಡಿ.

ಅವಳಿಗೆ ಬಂದ ಉತ್ತರ: ‘ಟೆಸ್ಟಿಂಗ್. ಇನ್‌ಪುಟ್ ಬಗ್ಗೆ ಪ್ರಶ್ನೆ ಕೇಳಲಿಲ್ಲ.’ ಇಷ್ಟೇ. ‘ಸ್ಯಾಂಪಲ್‌ನಲ್ಲಿ ಅದು ಇರಲೇ ಇಲ್ವಲ್ಲ’ ಅಂತ ಬರೆಯೋ ಆಸೆ ಬರುತ್ತೆ. ಬರೀಬೇಡಿ. ಎಡಿಟರ್ ತೆಗೆದು ಇದನ್ನು ಹಾಕಿ ನೋಡಿ:

```
arr = [1, -1, 2]
k = 2
```

ಸರಿ ಉತ್ತರ 2: ಇಡೀ ಅರೇ ಒಂದು, ಕೊನೆಯ `2` ಒಂದೇ ಇನ್ನೊಂದು. ಅವಳ ಸ್ಲೈಡಿಂಗ್ ವಿಂಡೋ ಕೊಡೋದು 1. ಮೊತ್ತ `k` ದಾಟಿದಾಗ ಮಾತ್ರ ಅದು ಎಡಗಡೆಯಿಂದ ಬಿಡುತ್ತಾ ಬರುತ್ತೆ. ಇಲ್ಲಿ ಮೊತ್ತ ದಾಟಲೇ ಇಲ್ಲ, ಹಾಗಾಗಿ ಒಂಟಿ `2` ಲೆಕ್ಕಕ್ಕೇ ಬರಲ್ಲ. ನೆಗೆಟಿವ್ ಸಂಖ್ಯೆ ಇದ್ದರೆ ಪ್ರಿಫಿಕ್ಸ್ ಸಮ್ ಮತ್ತು ಹ್ಯಾಶ್ ಮ್ಯಾಪ್ ಬೇಕು. ‘ನೆಗೆಟಿವ್ ಇರಬಹುದಾ?’ ಅಂತ ಒಂದು ಮಾತು ಕೇಳಿದ್ದರೆ ಗೊತ್ತಾಗ್ತಿತ್ತು. ಆ ಒಂದು ಸಾಲಿನ ಉತ್ತರದ ಬೆಲೆ ಇದು. ಅವಳ ರಿಪ್ಲೈ ಇಷ್ಟು ಸಾಕು: ‘ಧನ್ಯವಾದ, ಉಪಯೋಗವಾಯ್ತು. ಮತ್ತೆ ಯಾವಾಗ ಅಪ್ಲೈ ಮಾಡಬಹುದು?’

ಒಂದು ವಿಷಯ ಮಾತ್ರ ಬೇರೆ. ಎಡಿಟರ್ ಹ್ಯಾಂಗ್ ಆಯ್ತು, ಕಾಲ್ ಕಟ್ ಆಗಿ ಹತ್ತು ನಿಮಿಷ ಹೋಯ್ತು ಅಂದರೆ ಅದು ಫೀಡ್‌ಬ್ಯಾಕ್ ಅಲ್ಲ, ದೂರು. ಅದನ್ನು ರೌಂಡ್ ಮುಗಿದ ತಕ್ಷಣ, ರಿಸಲ್ಟ್ ಬರೋ ಮುಂಚೆ, ಸಮಯ ಮತ್ತು ಸ್ಕ್ರೀನ್‌ಶಾಟ್ ಸಮೇತ ಬೇರೆ ಮೇಲ್‌ನಲ್ಲಿ ಕಳಿಸಿ. ರಿಜೆಕ್ಟ್ ಆದ ಮೇಲೆ ಫೀಡ್‌ಬ್ಯಾಕ್ ಮೇಲ್‌ನಲ್ಲಿ ಅದನ್ನು ಸೇರಿಸಿದರೆ ಎರಡೂ ಕೆಡುತ್ತೆ.

ಮೇಲ್ ಕಳಿಸೋ ಮುಂಚೆ ಒಂದು ಸಲ ಓದಿ. ‘ಆದರೆ’ ಅನ್ನೋ ಪದ ಎಲ್ಲಾದರೂ ಇದ್ದರೆ, ಆ ವಾಕ್ಯ ಅಳಿಸಿ. ಮತ್ತೆ ಸಿಗೋಣ.